ಬಟ್ಟೆ, ಸ್ಟೀಲು, ಪೇಪರು: ನಿಮ್ಮಪ್ಪನ ಕಾಫಿ

"ದೊಡ್ಡಮ್ಮ, ಅಪ್ಪನ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ. ಪೇಪರ್ ಫಿಲ್ಟರ್ ಕಾಫಿ ಕುಡೀರಿ ಅಂದರು ಡಾಕ್ಟರು. ಅಪ್ಪ ಸ್ಟೀಲ್ ಫಿಲ್ಟರ್ ಬಿಡಲ್ಲ ಅಂತಾರೆ. ಅಜ್ಜಿ ಥರ ಬಟ್ಟೆಯಲ್ಲಿ ಸೋಸಿದರೆ ಆಗುತ್ತಾ? ಭಯ ಆಗ್ತಿದೆ."

ಪುಟ್ಟಿ, ಬಟ್ಟೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಸೋಸಿದ ಬಟ್ಟೆಗೆ ಸೋಪು ಮುಟ್ಟಿಸಬೇಡ, ಒದ್ದೆಯಾಗಿ ಮುದ್ದೆ ಮಾಡಿ ಇಡಬೇಡ. ನಮ್ಮ ದೊಡ್ಡವಳ ನಿಶ್ಚಿತಾರ್ಥದ ದಿನ ಏನಾಯಿತು ಅಂತ ನಿಮಗೆಲ್ಲಾ ಗೊತ್ತೇ ಇದೆ. ಅಡುಗೆಗೆ ಬಂದವನು ಹಿಂದಿನ ರಾತ್ರಿ ಕಾಫಿ ಬಟ್ಟೆಯನ್ನು ಸೋಪಿನ ಪುಡಿಯಲ್ಲಿ ತಿಕ್ಕಿ, ಹಿಂಡಿ, ಪಾತ್ರೆ ಸಂದಿಯಲ್ಲಿ ತುರುಕಿಟ್ಟಿದ್ದ. ಬೆಳಿಗ್ಗೆ ಅದರಲ್ಲೇ ಸೋಸಿದ. ಪುಡಿ ಒಳ್ಳೆಯದು, ಮೂಡಿಗೆರೆ ತೋಟದ್ದು, ಹಾಲೂ ಗಟ್ಟಿ ಹಾಲು. ಆದರೂ ಲೋಟ ಮೂಗಿನ ಹತ್ತಿರ ತಂದರೆ ಹಳೇ ಎಣ್ಣೆಯ ಕಮಟು ವಾಸನೆ, ಕುಡಿದರೆ ಸೋಪಿನ ಒಗರು. ಬೀಗರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಹಾಸನದ ಚಿಕ್ಕಪ್ಪ ಅಂದ ಮಾತು ಇನ್ನೊಮ್ಮೆ ಹೇಳಲಾರೆ.

ಯಾಕೆ ಹಾಗಾಯಿತು ಅಂದರೆ, ಕಾಫಿ ಬೀಜದಲ್ಲಿ ಎಣ್ಣೆ ಇದೆ. ಬಟ್ಟೆ ಆ ಎಣ್ಣೆಯನ್ನೂ ನುಣುಪು ಪುಡಿಯನ್ನೂ ತುಂಬಾ ಮಟ್ಟಿಗೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಅಜ್ಜಿಯ ಕಾಫಿ ತಿಳಿಯಾಗಿದ್ದರೂ ನಾಲಿಗೆಗೆ ನುಣ್ಣಗೆ ಇರುತ್ತಿತ್ತು. ಆದರೆ ಹಿಡಿದ ಎಣ್ಣೆ ನೂಲಿನೊಳಗೇ ಉಳಿದು ಗಾಳಿ ತಾಗಿ ಕೆಡುತ್ತದೆ. ಅಜ್ಜಿ ಪ್ರತಿ ಸಲ ಬಿಸಿನೀರಲ್ಲಿ ಮಾತ್ರ ಜಾಲಿಸುತ್ತಿದ್ದರು, ವಾರಕ್ಕೊಮ್ಮೆ ಸುಮ್ನೆ ನೀರಲ್ಲಿ ಕುದಿಸುತ್ತಿದ್ದರು. ನೀನು ಡಬ್ಬಿಯಲ್ಲಿ ನೀರು ಹಾಕಿ ಅದರಲ್ಲಿ ಬಟ್ಟೆ ಮುಳುಗಿಸಿ ಫ್ರಿಜ್ಜಿನಲ್ಲಿಡು, ದಿನಾ ನೀರು ಬದಲಿಸು. ಹೊಸ ಬಟ್ಟೆಯಾದರೆ ಗಂಜಿ ಹೋಗುವ ತನಕ ಕುದಿಸು. ಮತ್ತೆ ಹೇಳುತ್ತೇನೆ, ಸೋಪು ಬೇಡ, ಒದ್ದೆ ಮುದ್ದೆ ಬೇಡ.

ಸ್ಟೀಲ್ ಫಿಲ್ಟರಿನ ತೂತುಗಳು ಕಣ್ಣಿಗೇ ಕಾಣುತ್ತವಲ್ವಾ? ಅವುಗಳಲ್ಲಿ ಎಣ್ಣೆ ತಡೆಯಿಲ್ಲದೆ ಇಳಿಯುತ್ತದೆ, ನುಣುಪು ಪುಡಿಯೂ ಇಳಿಯುತ್ತದೆ. ಒತ್ತಿದ ಪುಡಿಯೇ ಜರಡಿಯ ಹಾಗೆ ಸ್ವಲ್ಪ ಹಿಡಿಯುವುದರಿಂದ ಕುದಿಸಿ ಹಾಗೇ ಬಗ್ಗಿಸಿದ ಕಾಫಿಯಷ್ಟು ಎಣ್ಣೆ ಇರುವುದಿಲ್ಲ, ಅಷ್ಟೇ. ನಿಮ್ಮಪ್ಪ "ಗಟ್ಟಿ" ಅನ್ನುವುದು ಅರ್ಧ ಈ ಎಣ್ಣೆ ಮತ್ತು ಪುಡಿಯನ್ನೇ. ಒಂದು ಚಮಚ ಡಿಕಾಕ್ಷನ್ನನ್ನು ಗಾಜಿನ ಲೋಟದಲ್ಲಿ ಬಿಸಿನೀರಿಗೆ ಹಾಕಿ ಕಿಟಕಿಗೆ ಹಿಡಿದು ನೋಡು. ಸ್ಟೀಲಿನದು ಮಬ್ಬಾಗಿ, ಮೇಲೆ ಸಣ್ಣ ಹೊಳಪಿನ ಚುಕ್ಕೆ, ಕಾಲು ಗಂಟೆ ಬಿಟ್ಟರೆ ತಳದಲ್ಲಿ ಗಸಿ. ಪೇಪರಿನದು ಕೆಂಪಗೆ ತಿಳಿಯಾಗಿರುತ್ತದೆ.

ಡಾಕ್ಟರು ಹೆದರಿಸಿದ್ದಲ್ಲ. ಆ ಎಣ್ಣೆಯಲ್ಲಿ ಕೆಫೆಸ್ಟಾಲ್ ಅಂತ ಒಂದು ವಸ್ತು ಇದೆ, ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದು ಅದೇ. ನಾರ್ವೆಯಲ್ಲಿ ಜನ ಕಾಫಿ ಕುದಿಸಿ ಸೋಸದೆ ಕುಡಿಯುತ್ತಿದ್ದರು. ಜಾಸ್ತಿ ಕಾಫಿ ಕುಡಿಯುವವರಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಅಂತ 1983ರಲ್ಲೇ ಅಲ್ಲಿಂದ ವರದಿ ಬಂತು. ಪೇಪರು ಈ ಎಣ್ಣೆಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ.

ಆದರೆ ಪೇಪರಿಗೆ ತರಿ ಪುಡಿ ಬೇಕು, ಅದನ್ನು ಕೊಡುವವರು ಯಾರಿದ್ದಾರೆ ಹೇಳು? ನಮ್ಮ ಬೀದಿಯ ಅಂಗಡಿಯವನಿಗೆ "ಸ್ವಲ್ಪ ತರಿಯಾಗಿ, ಚಿಕೋರಿ ಹಾಕದೆ" ಅಂತ ಬಿಡಿಸಿ ಹೇಳಿದರೂ ಮಿಷನ್ನಿನ ತಿರುಗಣಿ ಮುಟ್ಟುವುದೇ ಇಲ್ಲ, ಎಲ್ಲಾ ಒಂದೇ ಅಮ್ಮಾ ಅಂತ ಅದೇ ನುಣುಪು ಪುಡಿ ಕಟ್ಟಿಕೊಡುತ್ತಾನೆ, ಮನೆಗೆ ಬಂದು ಹಾಕಿದರೆ ನೀರು ಪೇಪರಿನಲ್ಲೇ ನಿಂತು ಕಾಫಿ ಕಹಿಯಾಗುತ್ತದೆ. ಮೊದಲು ಬೀಜ ತೋರಿಸಿ, ನಮ್ಮ ಎದುರಿಗೇ ಹುರಿದು, ಯಾವ ಫಿಲ್ಟರಿಗೆ ಅಂತ ಕೇಳಿ ಪುಡಿ ಮಾಡುತ್ತಿದ್ದರು. ಈಗ ದುಡ್ಡು ಮೂರರಷ್ಟು, ಕೇಳುವ ವ್ಯವಧಾನ ಇಲ್ಲ. ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಅಯ್ಯೋ, ಹೇಳಬೇಕಾದದ್ದೇ ಬಿಟ್ಟೆ. ನಿಮ್ಮಪ್ಪ ಸ್ಟೀಲ್ ಫಿಲ್ಟರ್ ಬಿಡುವುದು ಬೇಡ. ಅದರಲ್ಲೇ ಡಿಕಾಕ್ಷನ್ ಇಳಿಸು. ಆಮೇಲೆ ಪೇಪರನ್ನು ಚಿಕ್ಕ ಆಲಿಕೆಯಲ್ಲಿಟ್ಟು ಬಿಸಿನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಡಿಕಾಕ್ಷನ್ನನ್ನು ಇನ್ನೊಮ್ಮೆ ಅದರಲ್ಲಿ ಸೋಸು. ತಣ್ಣಗಾದರೆ ನಿಂತುಬಿಡುತ್ತದೆ, ಬಿಸಿ ಇರುವಾಗಲೇ ಸೋಸು. ತಳದ ಗಸಿ ಬಗ್ಗಿಸಬೇಡ, ಪೇಪರು ಕಟ್ಟಿಕೊಳ್ಳುತ್ತದೆ. ನಿಧಾನವಾದರೆ ಎರಡು ಚಮಚ ಕುದಿನೀರು ಸೇರಿಸು. ಎಣ್ಣೆ ಪೇಪರಿನಲ್ಲಿ ನಿಲ್ಲುತ್ತದೆ, ಬಣ್ಣ, ಕಹಿ, ಚಿಕೋರಿಯ ಗಟ್ಟಿತನ ನೀರಿನಲ್ಲಿ ಕರಗಿರುವುದರಿಂದ ಕೆಳಗಿಳಿಯುತ್ತದೆ. ಹಾಲು ಹಾಕಿದ ಮೇಲೆ ಅವರಿಗೆ ಅಷ್ಟು ವ್ಯತ್ಯಾಸ ಗೊತ್ತಾಗುವುದಿಲ್ಲ. ಬಟ್ಟೆಯೂ ಸ್ಟೀಲಿಗಿಂತ ವಾಸಿ, ಆದರೆ ರಿಪೋರ್ಟು ಹೀಗಿರುವಾಗ ಪೇಪರೇ ಇರಲಿ.

ಹಾಲಿನ ಕೆನೆ ಪೇಪರಿಗೆ ಸಂಬಂಧವಿಲ್ಲದ ಲೆಕ್ಕ, ಅದನ್ನು ಡಾಕ್ಟರ ಹತ್ತಿರವೇ ಕೇಳು. ಮಾತ್ರೆ ಕೊಟ್ಟಿದ್ದರೆ ಕಾಫಿ ಬದಲಾಯಿಸಿದೆ ಅಂತ ನಿಲ್ಲಿಸಬೇಡ. ಭಾನುವಾರ ಬರುವಾಗ ಪೇಪರ್ ಪ್ಯಾಕೆಟ್ ತಗೊಂಡು ಬಾ, ಇಲ್ಲೇ ಸೋಸಿ ಅವರಿಗೆ ಕೊಟ್ಟು ನೋಡೋಣ.