ಬಜೆಟ್ ಅದೇ, ಲೀಡ್ ರೇಟ್ ಏರಿದೆ: ಕ್ಲೈಂಟ್‌ಗೆ ಏನಂತ ಬರೆಯಲಿ?

ಜಯನಗರ ಡೆಸ್ಕ್: ಮಾಡ್ಯುಲರ್ ಕಿಚನ್ ಮಾಡುವ ಒಬ್ಬ ಕ್ಲೈಂಟ್ ಇದ್ದಾರೆ. ಆನ್‌ಲೈನ್ ಜಾಹೀರಾತಿಗೆ ತಿಂಗಳಿಗೆ 3 ಲಕ್ಷ ಬಜೆಟ್, ಅದು ಬದಲಾಗಿಲ್ಲ. ಜುಲೈ–ಸೆಪ್ಟೆಂಬರ್‌ನಲ್ಲಿ ಒಂದು ಲೀಡ್‌ಗೆ, ಅಂದರೆ ಜಾಹೀರಾತು ನೋಡಿ ಫಾರಂ ತುಂಬಿದ ಒಬ್ಬರಿಗೆ, 375 ರೂಪಾಯಿ ಬಿದ್ದಿತ್ತು, ಅಕ್ಟೋಬರ್–ಡಿಸೆಂಬರ್‌ನಲ್ಲಿ 600. ದೀಪಾವಳಿ ಸೀಸನ್, ಎಲ್ಲರೂ ಜಾಹೀರಾತು ಹಾಕುತ್ತಾರೆ ಅಂತ ಬರೆದರೆ ಸಾಕಾ? ಸೋಮವಾರ ಪತ್ರ ಕಳಿಸಬೇಕು.

ರಾತ್ರಿ ಪಾಳಿ: ಸಾಕು. ಹಬ್ಬದ ಹೊತ್ತಿಗೆ ದೊಡ್ಡ ಆನ್‌ಲೈನ್ ಅಂಗಡಿಗಳು ದುಡ್ಡು ಸುರಿಯುತ್ತವೆ. ಜಾಹೀರಾತಿನ ಜಾಗ ಹರಾಜಿನಲ್ಲಿ ಹೋಗುವುದು, ಹಾಗಾಗಿ ನಮ್ಮಂಥವರಿಗೂ ರೇಟ್ ಏರುತ್ತದೆ. ಪ್ರತಿ ವರ್ಷದ ಕಥೆ ಇದು. ಕ್ಲೈಂಟ್‌ಗೂ ಗೊತ್ತಿರುತ್ತದೆ.

ಹಳೇ ಮೀಡಿಯಾ ಬೈಯರ್: ಹರಾಜಿನ ಮಾತು ನಿಜ. ಆದರೆ ಅದರಿಂದ ಏರುವುದು ಕ್ಲಿಕ್‌ನ ಬೆಲೆ. ಲೀಡ್‌ನ ಬೆಲೆಗೆ ಇನ್ನೊಂದು ಕಾಲಿದೆ: ಕ್ಲಿಕ್ ಮಾಡಿದವರಲ್ಲಿ ಎಷ್ಟು ಜನ ಫಾರಂ ತುಂಬಿದರು ಅನ್ನುವುದು. ಜಯನಗರ ಅವರೇ, ಎರಡೂ ಕ್ವಾರ್ಟರ್‌ನ ಕ್ಲಿಕ್ ಮತ್ತು ಲೀಡ್ ಸಂಖ್ಯೆ ಹಾಕಿ, ನೋಡೋಣ.

ಜಯನಗರ ಡೆಸ್ಕ್: ಹಿಂದಿನದು 60,000 ಕ್ಲಿಕ್, 2,400 ಲೀಡ್. ಈ ಸಲ 45,000 ಕ್ಲಿಕ್, 1,500 ಲೀಡ್. ಖರ್ಚು ಎರಡರಲ್ಲೂ 9 ಲಕ್ಷ.

ಹಳೇ ಮೀಡಿಯಾ ಬೈಯರ್: ಹಾಗಾದರೆ ಕ್ಲಿಕ್ 15 ರೂಪಾಯಿಯಿಂದ 20ಕ್ಕೆ ಹೋಗಿದೆ. ಬರೀ ಅದೊಂದೇ ಆಗಿದ್ದರೆ ಲೀಡ್ 500ಕ್ಕೆ ನಿಲ್ಲಬೇಕಿತ್ತು. ಉಳಿದ 100 ಎಲ್ಲಿಂದ ಬಂತು? ಮೊದಲು 100 ಕ್ಲಿಕ್‌ಗೆ 4 ಜನ ಫಾರಂ ತುಂಬುತ್ತಿದ್ದರು, ಈಗ 3 ಚಿಲ್ಲರೆ. ಇದಕ್ಕೂ ದೀಪಾವಳಿಗೂ ಸಂಬಂಧ ಇರಲೇಬೇಕೆಂದಿಲ್ಲ. ವಾರವಾರದ ಲೆಕ್ಕ ತೆಗೆಯಿರಿ. ಹಬ್ಬದ ಏಟಾದರೆ ಹಬ್ಬ ಮುಗಿದ ಮೇಲೆ ಇಳಿಯುತ್ತದೆ. ಒಂದು ದಿನ ದಪ್ ಅಂತ ಬಿದ್ದು ಅಲ್ಲೇ ಕೂತಿದ್ದರೆ, ಆ ದಿನ ಪೇಜಿನಲ್ಲೋ ಫಾರಂನಲ್ಲೋ ಯಾರೋ ಕೈ ಹಾಕಿದ್ದಾರೆ.

ಬನಶಂಕರಿ: ಸುಮ್ನೆ ಬಜೆಟ್ 4 ಲಕ್ಷ ಮಾಡಿ ಅಂತ ಕೇಳಬಹುದಲ್ವಾ? ಲೀಡ್ ಜಾಸ್ತಿ ಬರುತ್ತೆ.

ಹಳೇ ಮೀಡಿಯಾ ಬೈಯರ್: ಬಜೆಟ್ ಏರಿಸಿದರೆ ಲೀಡ್ ಸಂಖ್ಯೆ ಏರಬಹುದು. ಆದರೆ ಅವರು ಕೇಳುತ್ತಿರುವುದು ರೇಟ್ ಬಗ್ಗೆ. ಸುಲಭಕ್ಕೆ ಸಿಗುವ ಜನ ಮೊದಲೇ ಸಿಕ್ಕಿರುತ್ತಾರೆ, ಮುಂದಿನವರು ಸಾಮಾನ್ಯವಾಗಿ ಇನ್ನೂ ದುಬಾರಿ.

ಜಯನಗರ ಡೆಸ್ಕ್: ವಾರದ ಲೆಕ್ಕ ತೆಗೆದೆ. ಕ್ಲಿಕ್ ಬೆಲೆ ಅಕ್ಟೋಬರ್‌ನಲ್ಲಿ 23ರ ಹತ್ತಿರ ಇತ್ತು, ನವೆಂಬರ್ ಕೊನೆಗೆ 18ಕ್ಕೆ ಇಳಿದಿದೆ. ಆದರೆ ಫಾರಂ ತುಂಬುವವರು ನವೆಂಬರ್ 10ರವರೆಗೆ 100ಕ್ಕೆ 4ರ ಹತ್ತಿರವೇ ಇದ್ದಾರೆ. ಆಮೇಲೆ 3ಕ್ಕಿಂತ ಕೆಳಗೆ, ಮತ್ತೆ ಏಳಲೇ ಇಲ್ಲ. ಆವತ್ತೇ ಫಾರಂಗೆ ಒಟಿಪಿ ಹಾಕಿದ್ದು, ಜೊತೆಗೆ ಬಜೆಟ್ ಎಷ್ಟು ಅನ್ನುವ ಪ್ರಶ್ನೆ. ಸುಳ್ಳು ನಂಬರ್ ಬರುತ್ತಿವೆ ಅಂತ ಅವರ ಸೇಲ್ಸ್‌ನವರೇ ಕೇಳಿ ಹಾಕಿಸಿಕೊಂಡಿದ್ದರು. ನನಗೆ ಮರೆತೇಹೋಗಿತ್ತು.

ರಾತ್ರಿ ಪಾಳಿ: ಮುಗೀತಲ್ಲ! ಅವರದೇ ತಪ್ಪು ಅಂತ ಬರೆಯಿರಿ.

ಪೀಣ್ಯ ವರ್ಕ್‌ಶಾಪ್: ನಾನು ಆ ಕಡೆಯವನು, ಜಾಹೀರಾತಿಗೆ ದುಡ್ಡು ಕೊಡುವವನು. ಪೀಣ್ಯದಲ್ಲಿ ನಮ್ಮದು ಕಬ್ಬಿಣದ ಗೇಟ್, ಗ್ರಿಲ್ ಕೆಲಸ. ಹೋದ ವರ್ಷ ನಮ್ಮ ಏಜೆನ್ಸಿ ಇಂಥದ್ದೇ ಪತ್ರ ಕಳಿಸಿತ್ತು. ಹನ್ನೆರಡು ಪುಟ, ತುಂಬ ಗ್ರಾಫ್. ನಾನು ಹುಡುಕಿದ್ದು ಒಂದೇ ಸಾಲು: ಎಷ್ಟು ಜನ ವರ್ಕ್‌ಶಾಪ್‌ಗೆ ಬಂದರು, ಒಬ್ಬೊಬ್ಬರಿಗೆ ನನಗೆ ಎಷ್ಟು ಬಿತ್ತು. ಆ ಸಾಲು ಇರಲೇ ಇಲ್ಲ. ಅದಿದ್ದಿದ್ದರೆ ಲೀಡ್ ರೇಟ್ ಬಗ್ಗೆ ನಾನು ಜಗಳ ತೆಗೆಯುತ್ತಿರಲಿಲ್ಲ. ನೀವು ಅದನ್ನು ಮೊದಲು ಹೇಳಿ.

ಹಳೇ ಮೀಡಿಯಾ ಬೈಯರ್: ಪೀಣ್ಯದವರ ಮಾತು ಈ ಚರ್ಚೆಯಲ್ಲೇ ಬೆಲೆಬಾಳುವ ಮಾತು. ಒಟಿಪಿ ಹಾಕಿದ್ದೇ ಸುಳ್ಳು ನಂಬರ್ ಸೋಸಲು. ಸೋಸಿದರೆ ಲೀಡ್ ಕಮ್ಮಿ ಆಗಲೇಬೇಕು. ಆದರೆ ಉಳಿದವರು ಶೋರೂಮ್‌ಗೆ ಬಂದರಾ? ಅವರ ಸೇಲ್ಸ್‌ನವರಿಂದ ಆ ಸಂಖ್ಯೆ ತರಿಸಿ.

ಜಯನಗರ ಡೆಸ್ಕ್: ಫೋನ್ ಮಾಡಿ ತರಿಸಿದೆ. ಹಿಂದಿನ ಕ್ವಾರ್ಟರ್ ಲೀಡ್‌ಗಳಿಂದ 96 ಜನ, ಈ ಸಲ 90. ಅಂದರೆ ಶೋರೂಮ್‌ಗೆ ಬಂದ ಒಬ್ಬರಿಗೆ 9,375 ಇದ್ದದ್ದು 10,000 ಆಗಿದೆ. ಏರಿದೆ, ಆದರೆ 60 ಪರ್ಸೆಂಟ್ ಅಲ್ಲ, 7ರ ಹತ್ತಿರ.

ಬನಶಂಕರಿ: ಡಿಸೆಂಬರ್ ಲೀಡ್‌ಗಳು ಇನ್ನೂ ಶೋರೂಮ್‌ಗೆ ಬರಬೇಕಲ್ವಾ? ಧನುರ್ಮಾಸದಲ್ಲಿ ಗೃಹಪ್ರವೇಶ ಇಟ್ಟುಕೊಳ್ಳುವವರು ಕಮ್ಮಿ. ನಮ್ಮ ಮನೆಯಲ್ಲೂ ಕಿಚನ್ ಕೆಲಸ ಸಂಕ್ರಾಂತಿ ಮುಗಿಯಲಿ ಅಂತ ತಳ್ಳಿದ್ದೆವು.

ಹಳೇ ಮೀಡಿಯಾ ಬೈಯರ್: ಸರಿಯಾಗಿ ಹೇಳಿದಿರಿ. ಹಳೆಯ ಲೀಡ್‌ಗಳಿಗೆ ಬರಲು ತಿಂಗಳುಗಟ್ಟಲೆ ಸಮಯ ಸಿಕ್ಕಿದೆ, ಹೊಸವಕ್ಕೆ ಸಿಕ್ಕಿಲ್ಲ. ಎರಡನ್ನೂ ಲೀಡ್ ಬಂದ 30 ದಿನದೊಳಗೆ ಅಂತ ಅಳೆದರೆ ಮಾತ್ರ ನ್ಯಾಯ. ಅದು ಆಗುವವರೆಗೆ 90 ಅನ್ನುವುದನ್ನು 'ಇದುವರೆಗೆ' ಅಂತ ಬರೆಯಿರಿ.

ಲೆಕ್ಕ ಬಿಡದವಳು: ಒಂದು ತಕರಾರು. ಮೇಲೆ ಕ್ಲಿಕ್‌ನಿಂದ 125, ಫಾರಂನಿಂದ 100 ಅಂತ ಹಂಚಿದ್ದೀರಿ. ಉಲ್ಟಾ ಮಾಡಿ ನೋಡಿ. ಕ್ಲಿಕ್ 15ರಲ್ಲೇ ಇದ್ದು ಬರೀ ಫಾರಂ ಬಿದ್ದಿದ್ದರೆ ಲೀಡ್ 450. ಆಗ ಫಾರಂನ ಪಾಲು 75, ಕ್ಲಿಕ್‌ನ ಪಾಲು 150. ಯಾವುದನ್ನು ಮೊದಲು ಹಿಡಿಯುತ್ತೀರೋ ಅದರ ಮೇಲೆ ಉತ್ತರ ಬದಲಾಗುತ್ತದೆ. ಕ್ಲೈಂಟ್‌ನ ಅಕೌಂಟೆಂಟ್ ಇದನ್ನು ಹಿಡಿದರೆ?

ಹಳೇ ಮೀಡಿಯಾ ಬೈಯರ್: ಒಪ್ಪಿದೆ. ಎರಡೂ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ರೂಪಾಯಿಯಲ್ಲಿ ಹಂಚುವುದು ಬೇಡ. ಕ್ಲಿಕ್ ಬೆಲೆ ಮೂರನೇ ಒಂದು ಭಾಗ ಏರಿದೆ, ಫಾರಂ ತುಂಬುವವರು ಆರನೇ ಒಂದು ಭಾಗ ಇಳಿದಿದ್ದಾರೆ ಅಂತ ಬರೆದರೆ ಯಾವ ಕಡೆಯಿಂದ ನೋಡಿದರೂ ನಿಲ್ಲುತ್ತದೆ.

ಜಯನಗರ ಡೆಸ್ಕ್: ಕರಡು ಹಾಕಿದ್ದೇನೆ, ನೋಡಿ:

> ನಮಸ್ಕಾರ ಸರ್. ಈ ಕ್ವಾರ್ಟರ್‌ನಲ್ಲಿ ನಮ್ಮ ಜಾಹೀರಾತಿನಿಂದ ಇದುವರೆಗೆ 90 ಜನ ಶೋರೂಮ್‌ಗೆ ಬಂದಿದ್ದಾರೆ. ಒಬ್ಬರಿಗೆ 10,000 ರೂಪಾಯಿ ಬಿದ್ದಿದೆ. ಹಿಂದಿನ ಸಲ 96 ಜನ, 9,375.
>
> ಒಂದು ಲೀಡ್‌ನ ಖರ್ಚು ಮಾತ್ರ 375ರಿಂದ 600ಕ್ಕೆ ಏರಿದೆ. ಹಬ್ಬದ ತಿಂಗಳಲ್ಲಿ ಕ್ಲಿಕ್ ಬೆಲೆ ಏರಿತು, ಈಗ ಇಳಿಯುತ್ತಿದೆ. ನವೆಂಬರ್ 10ರಂದು ಫಾರಂಗೆ ಒಟಿಪಿ ಮತ್ತು ಬಜೆಟ್ ಪ್ರಶ್ನೆ ಸೇರಿಸಿದೆವು. ಅಂದಿನಿಂದ ಫಾರಂ ತುಂಬುವವರು ಕಡಿಮೆ. ಹೀಗಾಗುತ್ತದೆ ಎಂದು ನಾವು ಆವತ್ತೇ ನಿಮಗೆ ಹೇಳಬೇಕಿತ್ತು.
>
> ಡಿಸೆಂಬರ್ ಲೀಡ್‌ಗಳ ಪೂರ್ತಿ ಲೆಕ್ಕವನ್ನು ಫೆಬ್ರವರಿ ಮೊದಲ ವಾರ ಕಳಿಸುತ್ತೇವೆ.

ರಾತ್ರಿ ಪಾಳಿ: 'ಹೇಳಬೇಕಿತ್ತು' ಅನ್ನುವ ಸಾಲು ತೆಗೆಯಿರಿ. ಮುಂದಿನ ಮೀಟಿಂಗ್‌ನಲ್ಲಿ ಅದನ್ನೇ ಹಿಡಿದು ಫೀಸ್ ಕಮ್ಮಿ ಮಾಡಿ ಅಂತಾರೆ. ನನಗೆ ಆಗಿದೆ.

ಪೀಣ್ಯ ವರ್ಕ್‌ಶಾಪ್: ನನಗೆ ಅಂಥ ಸಾಲು ಬಂದಿದ್ದರೆ ಆ ಏಜೆನ್ಸಿಯನ್ನು ಬಿಡುತ್ತಿರಲಿಲ್ಲ.

ಲೆಕ್ಕ ಬಿಡದವಳು: ಒಟಿಪಿ ಒಂದೇ ಕಾರಣ ಅಂತ ಹೇಗೆ ಹೇಳುತ್ತೀರಿ? ಅದೇ ಜಾಹೀರಾತುಗಳು ಎಷ್ಟು ತಿಂಗಳಿಂದ ಓಡುತ್ತಿವೆ? ಜನರಿಗೆ ನೋಡಿ ನೋಡಿ ಬೇಜಾರಾಗಿರಬಹುದು.

ಹಳೇ ಮೀಡಿಯಾ ಬೈಯರ್: ಬೇಜಾರಾದರೆ ಮೊದಲು ಕ್ಲಿಕ್ ಮಾಡುವವರೇ ಕಮ್ಮಿ ಆಗುತ್ತಾರೆ, ಅದೂ ಮೆಲ್ಲಗೆ. ಇಲ್ಲಿ ಒಂದೇ ದಿನ ಬಿದ್ದಿದೆ. ಆದರೆ ಒಟಿಪಿ ಮತ್ತು ಬಜೆಟ್ ಪ್ರಶ್ನೆ ಒಟ್ಟಿಗೆ ಬಂದಿವೆ, ಯಾವುದು ಎಷ್ಟು ತಿಂದಿತು ಅಂತ ಈ ಅಂಕಿಗಳಿಂದ ಹೇಳಲು ಆಗುವುದಿಲ್ಲ.

ಜಯನಗರ ಡೆಸ್ಕ್: ಜಾಹೀರಾತು ಆಗಸ್ಟ್‌ನಿಂದ ಅವೇ ಮೂರು, ಅದೂ ನಿಜ. ಸಾಲು ಇರಲಿ ಅಂತ ನಿರ್ಧರಿಸಿದೆ. ನಾಲ್ಕು ವಾರ ಅರ್ಧ ಜನರಿಗೆ ಒಟಿಪಿ ಮಾತ್ರ, ಉಳಿದ ಅರ್ಧಕ್ಕೆ ಬಜೆಟ್ ಪ್ರಶ್ನೆ ಮಾತ್ರ ತೋರಿಸಲು ಅನುಮತಿ ಕೇಳುವ ಒಂದು ಸಾಲು ಸೇರಿಸಿ ಸೋಮವಾರ ಬೆಳಗ್ಗೆ ಕಳಿಸುತ್ತೇನೆ.

ಲೆಕ್ಕ ಬಿಡದವಳು: ಎರಡೂ ಇಲ್ಲದ ಹಳೆಯ ಫಾರಂಗೂ ಒಂದು ಪಾಲು ಇಡಿ. ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುತ್ತೀರಿ?