ವಯಸ್ಸಿನ ಲೆಕ್ಕ: 12 ದಿನವೋ, 14 ದಿನವೋ?

ಪ್ರಶ್ನೆ (ಶಾಂತಳ್ಳಿ): ಸರ್, ಕೆಲಸದ ಅರ್ಜಿಯಲ್ಲಿ 12-03-2025ಕ್ಕೆ ನನ್ನ ವಯಸ್ಸು ಎಷ್ಟು ವರ್ಷ, ತಿಂಗಳು, ದಿನ ಅಂತ ಬರೀಬೇಕು. ಹುಟ್ಟಿದ್ದು 28-10-1997. ನಾನು ಕೈಯಲ್ಲಿ ಲೆಕ್ಕ ಹಾಕಿದ್ರೆ 27 ವರ್ಷ 4 ತಿಂಗಳು 14 ದಿನ. ಸೈಬರ್‌ನಲ್ಲಿ 12 ದಿನ ಅಂತಾರೆ. ಯಾವುದು ಬರೀಲಿ?

ಗೋಣಿಕೊಪ್ಪದಿಂದ ಒಬ್ಬರು: ಇಷ್ಟಕ್ಕೆಲ್ಲ ತಲೆ ಯಾಕೆ? ಒಟ್ಟು ದಿನ ತೆಗೀರಿ, 365ರಿಂದ ಭಾಗಿಸಿ, ಉಳಿದದ್ದನ್ನ 30ರಿಂದ ಭಾಗಿಸಿ. ಮುಗೀತು.

ಮಡಿಕೇರಿಯಿಂದ (ಸೇವಾ ಪುಸ್ತಕ ಬರೆದು ನಿವೃತ್ತರಾದ ಸೂಪರಿಂಟೆಂಡೆಂಟ್): 12 ಬರೀರಮ್ಮ. ನಿಮ್ಮ ಕಳೆಯುವ ಕ್ರಮ ಸರಿಯೇ ಇದೆ, ಸಾಲ ತಂದ ತಿಂಗಳು ಮಾತ್ರ ತಪ್ಪು. 12ರಲ್ಲಿ 28 ಹೋಗೋದಿಲ್ಲ ಅಂತ ಶಾಲೆಯಲ್ಲಿ ಕಲಿತ ಹಾಗೆ 30 ದಿನ ತಂದಿರಿ, 42ರಲ್ಲಿ 28 ಹೋಗಿ 14 ಬಂತು. ಆದರೆ ಮಾರ್ಚ್‌ನಿಂದ ಹಿಂದಕ್ಕೆ ಹೋದರೆ ಸಿಗೋದು ಫೆಬ್ರವರಿ. 2025ರ ಫೆಬ್ರವರಿಗೆ 28 ದಿನ. 40ರಲ್ಲಿ 28 ಹೋದರೆ 12. ಸಾಲ ಯಾವತ್ತೂ ಕೊನೆಯ ದಿನಾಂಕದ ಹಿಂದಿನ ತಿಂಗಳಿಂದ, ಆ ತಿಂಗಳಿಗೆ ನಿಜವಾಗಿ ಎಷ್ಟು ದಿನವೋ ಅಷ್ಟೇ.

ನಂಬಿಕೆ ಬರದಿದ್ದರೆ ಹುಟ್ಟಿದ ದಿನದಿಂದ ಮುಂದಕ್ಕೆ ನಡೀರಿ. 28-10-2024ಕ್ಕೆ 27 ವರ್ಷ, ಅಲ್ಲಿಂದ 28-02-2025ಕ್ಕೆ 4 ತಿಂಗಳು. ಮಾರನೇ ದಿನ ಮಾರ್ಚ್ 1, ಅದನ್ನ ಒಂದು ಅಂತ ಬೆರಳು ಮಡಚಿ. ಮಾರ್ಚ್ 12ಕ್ಕೆ ಹನ್ನೆರಡನೇ ಬೆರಳು. ಎರಡು ದಾರಿಯಲ್ಲೂ ಒಂದೇ ಉತ್ತರ ಬರಬೇಕು.

ಗೋಣಿಕೊಪ್ಪದವರ ಲೆಕ್ಕ ಹಾಕಿಯೇ ನೋಡಿದೆ. ಒಟ್ಟು 9997 ದಿನ, 27 ವರ್ಷ ಹೋಗಿ 142 ಉಳಿಯುತ್ತೆ, ಅಂದರೆ 4 ತಿಂಗಳು 22 ದಿನ. ನಡುವೆ 2000ದಿಂದ 2024ರ ತನಕ ಏಳು ಫೆಬ್ರವರಿ 29 ಬಂದು ಹೋಗಿವೆ, ಆ ಏಳೂ ದಿನ ನಿಮ್ಮ 142ರೊಳಗೆ ಸೇರಿಕೊಂಡಿವೆ. ಮಿಕ್ಕಿದ್ದು 31 ದಿನದ ತಿಂಗಳುಗಳ ಕಿತಾಪತಿ.

ವಿರಾಜಪೇಟೆಯಿಂದ ಒಬ್ಬರು: ನಮ್ಮ ಮಾವ ಜೂನ್ 1ರಂದು ಹುಟ್ಟಿದವರು, ಕೇಂದ್ರ ಸರ್ಕಾರಿ ಕೆಲಸ. ಮೇ 31ಕ್ಕೇ ಹಾರ ಹಾಕಿ ಕಳಿಸಿದರು. ಇಲ್ಲೂ ಸಾಲದ ತಪ್ಪಾ ಸರ್? ಒಂದು ತಿಂಗಳ ಸಂಬಳ ಹೋಯ್ತಲ್ಲ!

ಮಡಿಕೇರಿಯಿಂದ: ಅಲ್ಲಪ್ಪ, ಅದು ಬೇರೆ ವಿಷಯ. ವಯಸ್ಸು ತುಂಬೋದರಲ್ಲಿ ಹುಟ್ಟಿದ ದಿನವನ್ನೂ ಪೂರ್ತಿ ಒಂದು ದಿನ ಅಂತ ಹಿಡೀತಾರೆ. ಹಾಗಾಗಿ ಜೂನ್ 1ರವರಿಗೆ ಮೇ 31ರ ರಾತ್ರಿಗೇ ವರ್ಷ ತುಂಬುತ್ತೆ. ಜೂನ್ 2ಕ್ಕೆ ಹುಟ್ಟಿದ್ದರೆ ಜೂನ್‌ನಲ್ಲಿ ತುಂಬಿ, ಆ ತಿಂಗಳ ಕೊನೆ, ಅಂದರೆ ಜೂನ್ 30ರ ತನಕ ಇರ್ತಿದ್ದರು. ಅರ್ಜಿ ಹಾಕುವವರಿಗೂ ಇದು ತಟ್ಟುತ್ತೆ. 1986ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದ ಒಂದು ಪ್ರಕರಣದಲ್ಲಿ 1-1-1984ಕ್ಕೆ 28 ತುಂಬಿರಬಾರದು ಅಂತ ಷರತ್ತು, ಅಭ್ಯರ್ಥಿ ಹುಟ್ಟಿದ್ದು 2-1-1956. ಜನವರಿ 1 ಮುಗಿಯುವಾಗಲೇ 28 ತುಂಬಿತು ಅಂತ ಅವರಿಗೆ ಕೆಲಸ ತಪ್ಪಿತು. ಶಾಂತಳ್ಳಿಯವರು ಮಿತಿಯ ಅಂಚಲ್ಲಿಲ್ಲದಿದ್ದರೆ ಚಿಂತೆ ಬೇಡ.

ಕುಶಾಲನಗರದಿಂದ (ಸೈಬರ್ ಸೆಂಟರ್ ನಡೆಸುವವರು): ಸರ್, ನಾನು ಎಕ್ಸೆಲ್‌ನಲ್ಲಿ `DATEDIF` ಹಾಕ್ತೀನಿ. ಮೊನ್ನೆ 31-01-2025ರಂದು ಹುಟ್ಟಿದ ಮಗುವಿಗೆ 01-03-2025ಕ್ಕೆ `"md"` ಕೊಟ್ಟರೆ -2 ಬಂತು! ಮೈನಸ್ ದಿನ ಬರೆದು ಕಳಿಸೋದು ಹೇಗೆ?

ಮಡಿಕೇರಿಯಿಂದ: `"md"` ನಂಬಬೇಡಿ, ಮೈಕ್ರೋಸಾಫ್ಟ್‌ನವರೇ ಬೇಡ ಅಂತ ಬರೆದಿದ್ದಾರೆ. ಅದು ಒಂದು ತಿಂಗಳು ಮುಂದೆ ಹೋಗಿ ಫೆಬ್ರವರಿ 31ನ್ನ ಹುಡುಕುತ್ತೆ, ಸಿಗದೆ ಮಾರ್ಚ್ 3ಕ್ಕೆ ಜಾರುತ್ತೆ. ಮಾರ್ಚ್ 1 ಅದಕ್ಕಿಂತ ಎರಡು ದಿನ ಹಿಂದೆ, ಅದೇ ನಿಮ್ಮ -2. ದಿನದ ಅಂಕಣಕ್ಕೆ ಇದನ್ನ ಹಾಕಿ, A1 ಹುಟ್ಟಿದ ದಿನ, B1 ಬೇಕಾದ ದಿನ. ಉತ್ತರ ದಿನಾಂಕದ ಹಾಗೆ ಕಂಡರೆ ಕೋಶವನ್ನ `General` ಮಾಡಿ:

```
=B1-EDATE(A1,DATEDIF(A1,B1,"m"))
```

ಇದು ಫೆಬ್ರವರಿ 28ಕ್ಕೇ ನಿಲ್ಲುತ್ತೆ. ಮಗುವಿಗೆ 1 ತಿಂಗಳು 1 ದಿನ.

ಕುಶಾಲನಗರದಿಂದ: ಬಂತು ಸರ್. ಆದರೆ ಶಾಂತಳ್ಳಿ ಅಕ್ಕನ ಬದಲು 31-10-1997ಕ್ಕೆ ಹುಟ್ಟಿದವರನ್ನ ಹಾಕಿ ನೋಡಿದೆ. ಅವರಿಗೂ 27-4-12! ಮೂರು ದಿನ ಚಿಕ್ಕವರಿಗೆ ಅದೇ ವಯಸ್ಸಾ? ನೀವು ಹೇಳಿದ ಸಾಲದ ಲೆಕ್ಕದಲ್ಲಿ 40ರಲ್ಲಿ 31 ಹೋಗಿ 9 ಬರುತ್ತೆ.

ಮಡಿಕೇರಿಯಿಂದ: ಒಳ್ಳೇ ಜಾಗಕ್ಕೇ ಕೈ ಇಟ್ಟಿರಿ. ಎರಡೂ ನಡೆಯುತ್ತೆ. ಅಕ್ಟೋಬರ್ 28, 29, 30, 31 ನಾಲ್ಕೂ ದಿನದವರ ತಿಂಗಳು ಫೆಬ್ರವರಿ 28ಕ್ಕೇ ತುಂಬಿತು ಅಂದರೆ ಎಲ್ಲರಿಗೂ 12. ಸಾಲ ತಂದರೆ 9, ಆದರೆ ನಿಮ್ಮ ಮಗುವಿಗೆ ಅದೇ ದಾರಿಯಲ್ಲಿ 29ರಲ್ಲಿ 31 ಹೋಗಬೇಕು, ಅಲ್ಲಿ ಮತ್ತೆ -2. ನಾನು ತಿಂಗಳ ಕೊನೆಗೇ ನಿಲ್ಲಿಸೋನು. ಅರ್ಜಿಯ ಸೂಚನೆಯಲ್ಲಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಹಿಡೀರಿ.

ಗೋಣಿಕೊಪ್ಪದಿಂದ: ನನ್ನ 22 ನೋಡಿ ನಕ್ಕಿರಿ, ಈಗ ನಿಮ್ಮಲ್ಲೇ 9 ಮತ್ತು 12!

ಶಾಂತಳ್ಳಿಯಿಂದ: ನಾನು 28ಕ್ಕೆ ಹುಟ್ಟಿದ್ದು ಒಳ್ಳೇದಾಯ್ತು. 12 ಬರೆದು ಕಳಿಸಿದೆ ಸರ್.