ಸಹಾಯ ಬೇಕು: ಗ್ರೂಪ್ ಡಿಸ್ಕಷನ್‌ನಲ್ಲಿ ಮಧ್ಯೆ ಸೇರಿಕೊಳ್ಳುವುದು ಹೇಗೆ?

ನಮಸ್ಕಾರ. ಎಂಬಿಎ ಸೀಟಿಗಾಗಿ ಎರಡು ಗ್ರೂಪ್ ಡಿಸ್ಕಷನ್ ಕೊಟ್ಟೆ, ಎರಡರಲ್ಲೂ ಆಯ್ಕೆಯಾಗಲಿಲ್ಲ. ಮೂರನೆಯದು ಮುಂದಿನ ವಾರ.

ಮೊದಲನೆಯದರಲ್ಲಿ 10 ಜನ, 15 ನಿಮಿಷ. ಅಂದ್ರೆ ತಲೆಗೆ ಒಂದೂವರೆ ನಿಮಿಷ ಅಷ್ಟೇ. ವಿಷಯ, ಮನೆಯಿಂದ ಕೆಲಸ. ನಾನೇ ಶುರು ಮಾಡಿದೆ, ಆಮೇಲೆ ಯಾರು ಏನು ಹೇಳಿದರೂ ಉತ್ತರ ಕೊಡುತ್ತಾ ಹೋದೆ. ಪಕ್ಕದ ಹುಡುಗಿ ಮೂರು ಸಲ ಬಾಯಿ ತೆರೆದು ಸುಮ್ಮನಾದಳು, ನೋಡಿದರೂ ನಾನು ನಿಲ್ಲಿಸಲಿಲ್ಲ. ಅದು ಈಗಲೂ ಬೇಜಾರು.

ಎರಡನೆಯದರಲ್ಲಿ ಅದೇ ಭಯಕ್ಕೆ ಕಾದು ಕೂತೆ. ಕಾಯುವಷ್ಟರಲ್ಲಿ ನನ್ನ ಪಾಯಿಂಟನ್ನು ಬೇರೆಯವರೇ ಹೇಳಿಬಿಟ್ಟರು. ಒಟ್ಟು ಮಾತಾಡಿದ್ದು ಒಂದೇ ಸಲ.

ಈಗ ಆರು ಜನ ಸ್ನೇಹಿತರ ಜೊತೆ ಅಭ್ಯಾಸ ಮಾಡಿ, ರೆಕಾರ್ಡ್ ಮಾಡಿ ಕೇಳುತ್ತಿದ್ದೇನೆ. ಹಿಂದಿನವರ ಮಾತನ್ನೇ ಹಿಡಿದು "ಅವರು ಖರ್ಚಿನ ಬಗ್ಗೆ ಹೇಳಿದರು, ಅದಕ್ಕೆ ಕಲಿಕೆಯ ಮಾತೂ ಸೇರಿಸುತ್ತೇನೆ, ಹೊಸಬರು ಹಿರಿಯರನ್ನು ನೋಡಿ ಕಲಿಯುವುದು ತಪ್ಪುತ್ತದೆ" ಅಂತ ಅರ್ಧ ನಿಮಿಷದಲ್ಲಿ ಮುಗಿಸಿದರೆ ಚೆನ್ನಾಗಿ ಬರುತ್ತದೆ. ಆದರೆ ಸ್ನೇಹಿತರು ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ, ನಿಜವಾದ ಡಿಸ್ಕಷನ್‌ನಲ್ಲಿ ಮೂವರು ಒಟ್ಟಿಗೆ ಶುರು ಮಾಡುತ್ತಾರೆ, ಉಸಿರು ಬಿಡುವಷ್ಟೂ ಜಾಗ ಸಿಗುವುದಿಲ್ಲ. ದನಿ ಏರಿಸಿದರೆ ಮೇಲೆ ಬಿದ್ದ ಹಾಗೆ, ಕಾದರೆ ಚರ್ಚೆ ಮುಂದಕ್ಕೆ ಹೋಗಿರುತ್ತದೆ.

ಆಯ್ಕೆ ಸಮಿತಿಯಲ್ಲಿ ಕೂತವರು, ಇದರಲ್ಲಿ ಪಾಸಾದವರು ಹೇಳಿ: ಆ ಗದ್ದಲದಲ್ಲಿ ಒಳಗೆ ಬರಲು ನೀವು ಬಳಸಿದ ಮೊದಲ ವಾಕ್ಯ ಯಾವುದು? ಚರ್ಚೆ ಮುಂದೆ ಹೋಗಿದ್ದರೆ ಹಳೇ ಪಾಯಿಂಟ್ ಬಿಡಬೇಕಾ, ತಿರುಗಿ ತರಬಹುದಾ?